ಕೈಗೆ ಬರುವುದು ₹1,829 ಮಾತ್ರವೇ? ಎಫ್ ಅಂಡ್ ಎಫ್ ಲೆಕ್ಕ ಓದುವ ಕ್ರಮ

ಆರೂವರೆ ವರ್ಷಕ್ಕಿಂತ ಹೆಚ್ಚು ದುಡಿದ ಕಂಪನಿಗೆ ರಾಜೀನಾಮೆ ಕೊಟ್ಟು ಹೊರಬಂದ ಗೆಳತಿಯೊಬ್ಬಳು ತನ್ನ ಫುಲ್ ಅಂಡ್ ಫೈನಲ್ ಚೀಟಿಯನ್ನು ನನಗೆ ಕಳಿಸಿದ್ದಳು. ಕೊನೆಯ ಸಾಲಿನಲ್ಲಿ ಅವಳಿಗೆ ಸಿಗಬೇಕಾದ ಮೊತ್ತ ₹1,829 ಎಂದಿತ್ತು. ‘ಇಷ್ಟೇನಾ?’ ಎಂದು ಅವಳು ಕೇಳಿದ್ದು ಸಹಜ. ಹಲವು ವರ್ಷ ಪೇರೋಲ್ ವಿಭಾಗದಲ್ಲಿ ಕೂತು ಇಂಥ ಚೀಟಿಗಳನ್ನು ತಯಾರಿಸಿದವನು ನಾನು. ಅದರಲ್ಲಿ ಕೂಡುವ, ಕಳೆಯುವ ತಪ್ಪು ಒಂದೂ ಇರಲಿಲ್ಲ. ತಪ್ಪಿದ್ದದ್ದು ಲೆಕ್ಕಕ್ಕೆ ಹಾಕಿದ ದಿನಗಳಲ್ಲಿ ಮತ್ತು ದರದಲ್ಲಿ. ಎಫ್ ಅಂಡ್ ಎಫ್‌ನಲ್ಲಿ ಹಣ ಸೋರುವುದು ಹೆಚ್ಚಾಗಿ ಅಲ್ಲೇ. ಅವಳ ಚೀಟಿಯನ್ನೇ ಮುಂದಿಟ್ಟುಕೊಂಡು ಓದುವ ಕ್ರಮವನ್ನು ಹೇಳುತ್ತೇನೆ.

ಹಂತ 1: ಲಾಗಿನ್ ಮುಚ್ಚುವ ಮೊದಲು ಕಾಗದ ಇಳಿಸಿಕೊಳ್ಳಿ

ಕೊನೆಯ ದಿನ ಸಂಜೆ ಆರಕ್ಕೆ ಆಫೀಸಿನ ಮೇಲ್, ಎಚ್‌ಆರ್ ಪೋರ್ಟಲ್ ಎರಡೂ ಬಂದ್ ಆಗುತ್ತವೆ. ಎಫ್ ಅಂಡ್ ಎಫ್ ಚೀಟಿ ಬರುವುದು ಅದರ ನಂತರ. ಆಗ ತಕರಾರು ಎತ್ತೋಣವೆಂದರೆ ಕೈಯಲ್ಲಿ ದಾಖಲೆಯೇ ಇರುವುದಿಲ್ಲ. ಹಾಗಾಗಿ ನಾಲ್ಕು ಕಾಗದಗಳನ್ನು ಮೊದಲೇ ಸ್ವಂತ ಮೇಲ್‌ಗೆ ಹಾಕಿಕೊಳ್ಳಿ: ನೇಮಕಾತಿ ಪತ್ರ, ಪೂರ್ತಿ ತಿಂಗಳ ಕೊನೆಯ ಪೇಸ್ಲಿಪ್, ರಾಜೀನಾಮೆ ಕೊಟ್ಟದ್ದು ಮತ್ತು ಅದನ್ನು ಒಪ್ಪಿದ್ದರ ಮೇಲ್‌ಗಳು, ರಜೆ ಬಾಕಿ ತೋರಿಸುವ ಪುಟದ ಸ್ಕ್ರೀನ್‌ಶಾಟ್. ಕಂಪನಿಯ ಬೇರೆ ಕಡತಗಳಿಗೆ ಕೈ ಹಾಕಬೇಡಿ, ನಿಮಗೆ ಸಂಬಂಧಪಟ್ಟ ಈ ನಾಲ್ಕು ಸಾಕು.

ಗೆಳತಿಯ ವಿವರ ಹೀಗಿತ್ತು. ಕೆಲಸಕ್ಕೆ ಸೇರಿದ್ದು 2019ರ ಜೂನ್ 10ರಂದು. ರಾಜೀನಾಮೆ ಕೊಟ್ಟದ್ದು 2025ರ ಡಿಸೆಂಬರ್ 1ರಂದು. ನೋಟಿಸ್ ಅವಧಿ 60 ದಿನ. ಕೊನೆಯ ದಿನ 2026ರ ಜನವರಿ 9. ತಿಂಗಳ ಒಟ್ಟು ಸಂಬಳ ₹48,000, ಅದರಲ್ಲಿ ಬೇಸಿಕ್ ₹26,000. ಉಳಿದ ₹22,000 ಮನೆ ಬಾಡಿಗೆ ಭತ್ಯೆ ಮತ್ತು ಪ್ರಯಾಣ ಭತ್ಯೆ. ಡಿಸೆಂಬರ್ ಸಂಬಳ ಮಾಮೂಲಿನಂತೆ ಬಂದಿತ್ತು, ಜನವರಿಯ ಒಂಬತ್ತು ದಿನದ್ದನ್ನು ತಡೆಹಿಡಿದಿದ್ದರು.

ಚೀಟಿಯಲ್ಲಿದ್ದ ಸಾಲುಗಳು ಇಷ್ಟೇ:

- ಜನವರಿಯ 9 ದಿನದ ಸಂಬಳ: ₹13,935
- ರಜೆ ನಗದೀಕರಣ, 24 ದಿನ: ₹20,800
- ನೋಟಿಸ್ ವಸೂಲಿ, 20 ದಿನ: ₹32,000 ಕಡಿತ
- ಪಿಎಫ್: ₹906 ಕಡಿತ
- ಕೊಡಬೇಕಾದದ್ದು: ₹1,829

ಗ್ರಾಚ್ಯುಟಿಯ ಜಾಗದಲ್ಲಿ ‘ಪ್ರತ್ಯೇಕವಾಗಿ ಪಾವತಿ’ ಎಂದು ಬರೆದಿದ್ದರು. ಅದರ ಮುಂದೆ ಅಂಕಿ ಇರಲಿಲ್ಲ.

ಹಂತ 2: ನೋಟಿಸ್ ವಸೂಲಿಯಲ್ಲಿ ಮೊದಲು ದಿನ ಎಣಿಸಿ

ಎಲ್ಲಕ್ಕಿಂತ ದೊಡ್ಡ ಸಾಲು ಸಾಮಾನ್ಯವಾಗಿ ಇದೇ ಆಗಿರುತ್ತದೆ, ಆದ್ದರಿಂದ ಇಲ್ಲಿಂದಲೇ ಶುರು ಮಾಡಿ. ದುಡ್ಡನ್ನು ಆಮೇಲೆ ನೋಡೋಣ, ಮೊದಲು ದಿನ.

ನೋಟಿಸ್ ಎಣಿಕೆ ಶುರುವಾಗುವುದು ನೀವು ರಾಜೀನಾಮೆಯ ಮೇಲ್ ಕಳಿಸಿದ ದಿನದಿಂದಲೋ, ಮ್ಯಾನೇಜರ್ ಪೋರ್ಟಲ್‌ನಲ್ಲಿ ಒಪ್ಪಿಗೆಯ ಗುಂಡಿ ಒತ್ತಿದ ದಿನದಿಂದಲೋ? ನೇಮಕಾತಿ ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದರೆ ನೀವು ಲಿಖಿತವಾಗಿ ಕೊಟ್ಟ ದಿನವನ್ನೇ ಹಿಡಿದು ಮಾತಾಡಿ. ಮ್ಯಾನೇಜರ್ ಒಂದು ವಾರ ಮೇಲ್ ತೆರೆಯದೆ ಕೂತರೆ ಆ ವಾರದ ಹಣ ನಿಮ್ಮ ಜೇಬಿನಿಂದ ಹೋಗಬಾರದು. ಎರಡನೆಯದಾಗಿ, 60 ದಿನ ಎಂದರೆ ಸಾಮಾನ್ಯವಾಗಿ ಕ್ಯಾಲೆಂಡರ್ ದಿನ. ಶನಿವಾರ, ಭಾನುವಾರ, ಹಬ್ಬದ ರಜೆ ಎಲ್ಲವೂ ಅದರೊಳಗೇ ಬರುತ್ತವೆ.

ಗೆಳತಿಯದ್ದು ಡಿಸೆಂಬರಿನ 31 ದಿನ, ಜನವರಿಯ 9 ದಿನ, ಒಟ್ಟು 40. ಅರವತ್ತಕ್ಕೆ 20 ಕಡಿಮೆ. ಚೀಟಿಯ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಮೇಲ್‌ಗಳನ್ನು ಓದಿದಾಗ ಬೇರೆ ಸಂಗತಿ ಹೊರಬಿತ್ತು. ಅವಳು ಬಿಡುಗಡೆ ಕೇಳಿದ್ದು ಜನವರಿ 15ಕ್ಕೆ. ‘ಹ್ಯಾಂಡೋವರ್ ಮುಗಿದಿದೆ, 9ಕ್ಕೇ ರಿಲೀವ್ ಮಾಡುತ್ತೇವೆ’ ಎಂದು ಬರೆದವರು ಕಂಪನಿಯವರು. ಅಂದರೆ 10ರಿಂದ 15ರವರೆಗಿನ ಆರು ದಿನ ಕೆಲಸ ಮಾಡಲು ಅವಳು ತಯಾರಿದ್ದಳು, ಬೇಡವೆಂದದ್ದು ಕಂಪನಿ. ಆ ಆರು ದಿನಕ್ಕೆ ಅವಳಿಂದ ವಸೂಲಿ ಮಾಡುವುದಕ್ಕೆ ಆಧಾರವೇ ಇಲ್ಲ. ಅವಳ ಕಡೆಯಿಂದ ಆದ ಕೊರತೆ 14 ದಿನ ಮಾತ್ರ.

ಇಲ್ಲೊಂದು ಎಚ್ಚರಿಕೆ. ‘ಪರವಾಗಿಲ್ಲ, ಬೇಗ ಹೋಗಿ, ನಾನು ನೋಡ್ಕೋತೀನಿ’ ಎಂದು ಮ್ಯಾನೇಜರ್ ಕಾಫಿ ಕುಡಿಯುತ್ತಾ ಹೇಳಿದ್ದು ಪೇರೋಲ್‌ನವರ ಕಿವಿಗೆ ಬೀಳುವುದಿಲ್ಲ. ವಸೂಲಿ ಮನ್ನಾ ಆಗಿದೆ ಎಂಬ ಮಾತು ಎಚ್‌ಆರ್‌ನಿಂದ ಬರಹದಲ್ಲಿ ಬರಬೇಕು. ಬರೀ ‘ಅರ್ಲಿ ರಿಲೀವಿಂಗ್ ಒಪ್ಪಲಾಗಿದೆ’ ಎಂದಿದ್ದರೆ ಅದರಿಂದ ನಿಮಗೆ ಬೇಗ ಬಿಡುಗಡೆ ಸಿಕ್ಕಿತು, ಅಷ್ಟೇ. ಹಣ ಬಿಟ್ಟುಕೊಟ್ಟರು ಎಂದು ಅದರ ಅರ್ಥವಲ್ಲ.

ಹಂತ 3: ಈಗ ದರ ನೋಡಿ

₹32,000ವನ್ನು 20ರಿಂದ ಭಾಗಿಸಿದರೆ ದಿನಕ್ಕೆ ₹1,600 ಬರುತ್ತದೆ. ಒಟ್ಟು ಸಂಬಳ ₹48,000ವನ್ನು 30ರಿಂದ ಭಾಗಿಸಿದರೂ ಅದೇ. ಅಂದರೆ ವಸೂಲಿ ಮಾಡಿದ್ದು ಗ್ರಾಸ್ ಮೇಲೆ. ಇನ್ನು ರಜೆಯ ₹20,800ವನ್ನು 24ರಿಂದ ಭಾಗಿಸಿ: ₹866 ಚಿಲ್ಲರೆ. ಅದು ಬೇಸಿಕ್ ₹26,000ದ ಮೂವತ್ತನೇ ಒಂದು ಭಾಗ. ಕಂಪನಿ ನಿಮ್ಮಿಂದ ತೆಗೆದುಕೊಳ್ಳುವ ದಿನದ ಬೆಲೆ ₹1,600, ನಿಮಗೆ ಕೊಡುವ ದಿನದ ಬೆಲೆ ₹866. ಕೊಡುವಾಗ ಒಂದು ತಕ್ಕಡಿ, ತೆಗೆದುಕೊಳ್ಳುವಾಗ ಇನ್ನೊಂದು. ನೂರಾರು ಚೀಟಿಗಳಲ್ಲಿ ನಾನು ಕಂಡ ಮಾದರಿ ಇದು, ಕೆಲವನ್ನು ನನ್ನ ಕೈಯಿಂದಲೇ ಮಾಡಿದ್ದೇನೆ.

ಇದು ತಪ್ಪೋ ಸರಿಯೋ ತೀರ್ಮಾನಿಸುವುದು ನೇಮಕಾತಿ ಪತ್ರದ ಒಂದೇ ಒಂದು ಪದ. ಅಲ್ಲಿ ಗ್ರಾಸ್ ಎಂದೇ ಬರೆದಿದ್ದರೆ ನೀವು ಸಹಿ ಹಾಕಿ ಒಪ್ಪಿದ ಷರತ್ತು ಅದು, ಆ ಸಾಲಿನ ಮೇಲೆ ಜಗಳ ಮಾಡಿ ಹೆಚ್ಚು ಉಪಯೋಗವಿಲ್ಲ. ಬೇಸಿಕ್ ಎಂದಿದ್ದರೆ ಬೇಸಿಕ್ ಮೇಲೆ ಮಾತ್ರ ವಸೂಲಿ. ಬರೀ ‘ಸಂಬಳ’ ಎಂದಿದ್ದರೆ ಕಂಪನಿಯ ಪಾಲಿಸಿ ಪುಟದಲ್ಲಿ ಅದಕ್ಕೆ ಕೊಟ್ಟ ಅರ್ಥವನ್ನು ಕೇಳಿ ಪಡೆಯಿರಿ. ಗೆಳತಿಯ ಪತ್ರದಲ್ಲಿ ಸ್ಪಷ್ಟವಾಗಿ ಬೇಸಿಕ್ ಎಂದಿತ್ತು. ಸಾಫ್ಟ್‌ವೇರ್‌ನಲ್ಲಿ ಎಲ್ಲರಿಗೂ ಗ್ರಾಸ್ ಎಂದು ಒಮ್ಮೆ ಹಾಕಿಟ್ಟಿದ್ದನ್ನು ಯಾರೂ ಬದಲಾಯಿಸಿರಲಿಲ್ಲ.

ಸರಿಯಾದ ದಿನ 14, ಸರಿಯಾದ ದರ ₹866.67. ವಸೂಲಿ ₹32,000 ಅಲ್ಲ, ₹12,133.

ವಸೂಲಿಯ ಕೆಳಗೆ 18% ಜಿಎಸ್‌ಟಿ ಎಂಬ ಇನ್ನೊಂದು ಸಾಲು ಕಂಡರೆ ಅದನ್ನು ತೆಗೆಸಿ. ನೋಟಿಸ್ ವಸೂಲಿಗೆ ಜಿಎಸ್‌ಟಿ ಅನ್ವಯಿಸುವುದಿಲ್ಲ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲೇ ಸ್ಪಷ್ಟಪಡಿಸಿದೆ. ಆದಾಯ ತೆರಿಗೆಯ ವಿಷಯದಲ್ಲಿ ಅಷ್ಟು ಸುಲಭವಿಲ್ಲ. ಹೆಚ್ಚಿನ ಕಂಪನಿಗಳು ವಸೂಲಿಯನ್ನು ಕಳೆಯುವ ಮೊದಲಿನ ಸಂಬಳವನ್ನೇ ಫಾರ್ಮ್ 16ರಲ್ಲಿ ತೋರಿಸುತ್ತವೆ, ಅಂದರೆ ಕೈಗೆ ಬಾರದ ಹಣಕ್ಕೂ ತೆರಿಗೆ ಲೆಕ್ಕ. ವಸೂಲಿ ಮೊತ್ತ ಲಕ್ಷ ದಾಟಿದವರು ರಿಟರ್ನ್ ತುಂಬುವ ಮೊದಲು ಲೆಕ್ಕಪರಿಶೋಧಕರೊಬ್ಬರಿಗೆ ತೋರಿಸುವುದು ಒಳ್ಳೆಯದು.

ಹಂತ 4: ರಜೆ ನಗದೀಕರಣ

ಗೆಳತಿಗೆ ಕೋಪ ಬಂದಿದ್ದು ನಿಜವಾಗಿ ಈ ಸಾಲಿನ ಮೇಲೆ. ಜನವರಿ ಮೊದಲ ವಾರ ಪೋರ್ಟಲ್‌ನಲ್ಲಿ 42 ದಿನ ಗಳಿಕೆ ರಜೆ ಕಂಡಿತ್ತು, ಚೀಟಿಯಲ್ಲಿ 24 ಆಗಿತ್ತು. ‘18 ದಿನ ನುಂಗಿಬಿಟ್ಟರು’ ಎಂದಳು. ನುಂಗಿರಲಿಲ್ಲ. ಅವಳ ಕಂಪನಿ ಇಡೀ ವರ್ಷದ 18 ದಿನವನ್ನು ಜನವರಿ 1ರಂದೇ ಮುಂಗಡವಾಗಿ ಜಮಾ ಮಾಡುತ್ತದೆ. ಹಿಂದಿನ ಬಾಕಿ 24, ಹೊಸ ವರ್ಷದ 18, ಸೇರಿ 42. ವರ್ಷದಲ್ಲಿ ಒಂಬತ್ತೇ ದಿನ ಕೆಲಸ ಮಾಡಿದವರಿಗೆ ಆ 18ರಲ್ಲಿ ಅರ್ಧ ದಿನವೂ ದಕ್ಕುವುದಿಲ್ಲ. ಇಲ್ಲಿ ಕಂಪನಿಯ ಲೆಕ್ಕವೇ ಸರಿ. ತಿಂಗಳಿಗೊಮ್ಮೆ ರಜೆ ಜಮಾ ಆಗುವ ಕಂಪನಿಗಳಲ್ಲಿ ಈ ಗೊಂದಲ ಬರುವುದಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ. ಯಾವ ರಜೆಗೆ ಹಣ ಕೊಡುತ್ತಾರೆ? ಸಾಮಾನ್ಯವಾಗಿ ಗಳಿಕೆ ರಜೆಗೆ ಮಾತ್ರ, ಸಿಎಲ್ ಮತ್ತು ಸಿಕ್ ಲೀವ್ ಹಾಗೆಯೇ ಬಿದ್ದುಹೋಗುತ್ತವೆ. ನಗದೀಕರಣಕ್ಕೆ ಮೇಲ್ಮಿತಿ ಇದೆಯೇ? ನೋಟಿಸ್ ಅವಧಿಯಲ್ಲಿ ನೀವು ತೆಗೆದುಕೊಂಡ ರಜೆಯನ್ನು ಬಾಕಿಯಿಂದ ಕಳೆದರೋ, ಅಥವಾ ಅದನ್ನು ಸಂಬಳವಿಲ್ಲದ ರಜೆ ಮಾಡಿ ನೋಟಿಸ್ ಕೊರತೆಗೂ ಸೇರಿಸಿದರೋ? ಎರಡೂ ಕಡೆ ಹಿಡಿದಿದ್ದರೆ ಒಂದೇ ದಿನಕ್ಕೆ ಎರಡು ಸಲ ಕತ್ತರಿ ಬಿದ್ದಂತೆ.

ಇದರ ಜೊತೆಗೆ ರಾಜೀನಾಮೆ ಕೊಡುವ ಮೊದಲೇ ಯೋಚಿಸಬೇಕಾದ ಒಂದು ಸಂಗತಿಯಿದೆ. ಬಾಕಿ ರಜೆಯನ್ನು ನೋಟಿಸ್ ಕೊರತೆಗೆ ಸರಿಹೊಂದಿಸಲು ಕೆಲವು ಕಂಪನಿಗಳು ಒಪ್ಪುತ್ತವೆ. ವಸೂಲಿಯೂ ನಗದೀಕರಣವೂ ಬೇಸಿಕ್ ಮೇಲೇ ಇದ್ದರೆ ಹೇಗೆ ಮಾಡಿದರೂ ಒಂದೇ. ಆದರೆ ವಸೂಲಿ ಗ್ರಾಸ್ ಮೇಲೆ, ನಗದೀಕರಣ ಬೇಸಿಕ್ ಮೇಲೆ ಇದ್ದರೆ ಸರಿಹೊಂದಿಸುವುದೇ ಲಾಭ. ಗೆಳತಿಯ ಪತ್ರದಲ್ಲಿ ಗ್ರಾಸ್ ಎಂದಿದ್ದರೆ 14 ದಿನದ ವಸೂಲಿ ₹22,400 ಆಗುತ್ತಿತ್ತು. ಅದೇ 14 ದಿನದ ರಜೆಯನ್ನು ನಗದು ಮಾಡಿದರೆ ಸಿಗುವುದು ₹12,133. ರಜೆಯನ್ನು ಕೊಟ್ಟು ಕೊರತೆ ತುಂಬಿದ್ದರೆ ಹತ್ತು ಸಾವಿರದಷ್ಟು ಉಳಿಯುತ್ತಿತ್ತು. ಇದಕ್ಕೆ ಕಂಪನಿಯ ಒಪ್ಪಿಗೆ ಬೇಕು, ಕೊನೆಯ ದಿನಕ್ಕಿಂತ ಮೊದಲೇ ಬೇಕು.

ತೆರಿಗೆಯ ಬಗ್ಗೆ ಒಂದು ಮಾತು: ಕೆಲಸ ಬಿಡುವಾಗ ಬರುವ ರಜೆ ಹಣಕ್ಕೆ ಖಾಸಗಿ ನೌಕರರಿಗೂ ವಿನಾಯಿತಿ ಇದೆ. ನಿವೃತ್ತಿಯೇ ಆಗಬೇಕೆಂದಿಲ್ಲ, ರಾಜೀನಾಮೆಯೂ ಸಾಕು. 2023ರ ಏಪ್ರಿಲ್ 1ರಿಂದ ಇದರ ಮಿತಿ ₹25 ಲಕ್ಷ, ಇದು ಇಡೀ ವೃತ್ತಿಜೀವನಕ್ಕೆ ಒಟ್ಟಾಗಿ. ಹತ್ತು ತಿಂಗಳ ಸರಾಸರಿ ಬೇಸಿಕ್‌ನಂಥ ಬೇರೆ ಮಿತಿಗಳೂ ಇವೆ, ಆದರೆ ₹20,800ರಂಥ ಮೊತ್ತಕ್ಕೆ ಅವು ಅಡ್ಡ ಬರುವುದಿಲ್ಲ.

ಹಂತ 5: ತಡೆಹಿಡಿದ ಸಂಬಳ ಮತ್ತು ಉಳಿದ ಸಾಲುಗಳು

ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ₹48,000ವನ್ನು ಜನವರಿಯ 31 ದಿನಕ್ಕೆ ಹಂಚಿ ಒಂಬತ್ತು ದಿನಕ್ಕೆ ₹13,935 ಕೊಟ್ಟಿದ್ದಾರೆ. ಸಂಬಳಕ್ಕೆ 31ರಿಂದ, ವಸೂಲಿಗೆ 30ರಿಂದ ಭಾಗಿಸುವುದು ರೂಢಿಯಲ್ಲಿದೆ, ವ್ಯತ್ಯಾಸ ಚಿಕ್ಕದು. ಒಂಬತ್ತು ದಿನದ ಬೇಸಿಕ್ ಮೇಲೆ 12% ಪಿಎಫ್ ₹906, ಅದೂ ಸರಿ. ನಿಮ್ಮ ಚೀಟಿಯಲ್ಲಿ ಜಾಯಿನಿಂಗ್ ಬೋನಸ್ ವಾಪಸಿ, ಲ್ಯಾಪ್‌ಟಾಪ್ ವಸೂಲಿ ಇದ್ದರೆ ಅದಕ್ಕೆ ಆಧಾರವಾದ ಪತ್ರ ಅಥವಾ ಸಾಮಾನು ಹಿಂದಿರುಗಿಸಿದ ರಸೀದಿ ತೆಗೆದಿಡಿ.

ಹಣ ಬರುವ ದಿನದ ಬಗ್ಗೆ ಮಾತ್ರ ಹೇಳಲೇಬೇಕು. ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಗೆಳತಿಯ ಕೊನೆಯ ದಿನ ಶುಕ್ರವಾರ. ಶನಿವಾರವೂ ರಜೆ ಇರುವ ಕಚೇರಿಯಾದ್ದರಿಂದ ಜನವರಿ 13ರ ಮಂಗಳವಾರ ಅವಳ ಸಂಬಳದ ಗಡುವು. ‘ನಮ್ಮಲ್ಲಿ 45 ದಿನದ ಪಾಲಿಸಿ’ ಎನ್ನುವವರಿಗೆ ಈ ನಿಯಮವನ್ನು ಮೇಲ್‌ನಲ್ಲಿ ನೆನಪಿಸಿ.

ಹಂತ 6: ಗ್ರಾಚ್ಯುಟಿಗೆ ಬೇರೆ ಗಡಿಯಾರ

ಎಫ್ ಅಂಡ್ ಎಫ್ ಹಣದ ಜೊತೆಯಲ್ಲೇ ಗ್ರಾಚ್ಯುಟಿ ಬರಲಿಲ್ಲ ಎಂದು ಗಾಬರಿಯಾಗಬೇಡಿ, ಅದರ ದಾರಿಯೇ ಬೇರೆ. ಅನೇಕ ಕಂಪನಿಗಳು ಈ ಹಣವನ್ನು ಟ್ರಸ್ಟ್ ಅಥವಾ ವಿಮಾ ಸಂಸ್ಥೆಯಲ್ಲಿ ಇಟ್ಟಿರುತ್ತವೆ. ಕಂಪನಿ ಅಲ್ಲಿಗೆ ಕ್ಲೇಮ್ ಕಳಿಸಬೇಕು, ಅಲ್ಲಿಂದ ಹಣ ಬರಬೇಕು. ಆ ಓಡಾಟ ಅವರ ತಲೆನೋವು. ಕಾಯ್ದೆಯ ಲೆಕ್ಕದಲ್ಲಿ ಗ್ರಾಚ್ಯುಟಿ ಸಲ್ಲಬೇಕಾದ ದಿನದಿಂದ 30 ದಿನದೊಳಗೆ ಪಾವತಿಯಾಗಬೇಕು.

ಮೊದಲು ಮೊತ್ತ ಹೊಂದಿಸಿಕೊಳ್ಳಿ. ಸೂತ್ರ ಚಿಕ್ಕದು: ಕೊನೆಯ ಬೇಸಿಕ್ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವಾ ವರ್ಷಗಳಿಂದ ಗುಣಿಸಿ. ಗೆಳತಿಗೆ ವರ್ಷಕ್ಕೆ ₹15,000.

ಈಗ ವರ್ಷ ಎಷ್ಟು? 2019ರ ಜೂನ್ 10ರಿಂದ 2026ರ ಜನವರಿ 9ರವರೆಗೆ ಆರು ವರ್ಷ ಏಳು ತಿಂಗಳು. ಆರು ತಿಂಗಳು ಮೀರಿದ ತುಂಡನ್ನು ಪೂರ್ತಿ ವರ್ಷವೆಂದೇ ಹಿಡಿಯಬೇಕು. ಹಾಗಾಗಿ ಏಳು ವರ್ಷ, ₹1,05,000. ಚೀಟಿಯಲ್ಲಿ ಅಂಕಿ ಇರಲಿಲ್ಲವಲ್ಲ, ಕೇಳಿದಾಗ ಎಚ್‌ಆರ್ ಕೊಟ್ಟದ್ದು ₹90,000, ಅಂದರೆ ಆರೇ ವರ್ಷ. ಮೀರಿದ ಏಳು ತಿಂಗಳನ್ನು ಯಾರೋ ಸದ್ದಿಲ್ಲದೆ ಕೈಬಿಟ್ಟಿದ್ದರು. ಗಮನಿಸಿ, ಮಿತಿ ‘ಆರು ತಿಂಗಳಿಗೆ ಮೀರಿ’ ಎಂದಿದೆ. ಅವಳು 2025ರ ಡಿಸೆಂಬರ್ 9ಕ್ಕೇ ಹೊರಟಿದ್ದರೆ ಸರಿಯಾಗಿ ಆರೂವರೆ ವರ್ಷವಾಗಿ ₹90,000ವೇ ಸರಿಯಾಗುತ್ತಿತ್ತು. ನೋಟಿಸ್ ಹಣ ಕಟ್ಟಿ ಬೇಗ ಹೊರಡುವವರು ಈ ದಿನಾಂಕ ನೋಡಿಕೊಂಡೇ ಹೊರಡಬೇಕು, ನೋಟಿಸ್‌ಗೆ ಕಟ್ಟಿದ ದಿನಗಳು ಸೇವೆಗೆ ಸೇರುವುದಿಲ್ಲ. ಐದು ವರ್ಷದ ಹೊಸ್ತಿಲಲ್ಲಿ ನಿಂತವರಿಗಂತೂ ಇದು ಇಡೀ ಗ್ರಾಚ್ಯುಟಿಯ ಪ್ರಶ್ನೆ. ನಾಲ್ಕು ವರ್ಷ ಮುಗಿದು ಐದನೆಯದರಲ್ಲಿ 240 ದಿನ ಕೆಲಸ ಮಾಡಿದ್ದರೆ ಅರ್ಹತೆ ಇದೆಯೆಂದು ಮದ್ರಾಸ್ ಹೈಕೋರ್ಟ್ ಹೇಳಿದ್ದುಂಟು, ಆದರೆ ಎಲ್ಲ ಕಂಪನಿಗಳೂ ಅದನ್ನು ತಾವಾಗಿ ಒಪ್ಪುವುದಿಲ್ಲ. ಸಾಧ್ಯವಿದ್ದರೆ ಐದು ವರ್ಷ ತುಂಬಿಸಿ.

ಬೇಸಿಕ್ ಕಡಿಮೆ ಇಟ್ಟು ಭತ್ಯೆ ಹೆಚ್ಚು ತೋರಿಸಿರುವ ಸಂಬಳ ನಿಮ್ಮದಾಗಿದ್ದರೆ ಇನ್ನೊಂದು ಪ್ರಶ್ನೆ ಕೇಳಿ. ಹೊಸ ಸಂಹಿತೆಗಳಲ್ಲಿ ವೇತನದಿಂದ ಹೊರಗಿಡಬಹುದಾದ ಭತ್ಯೆಗಳ ಪಟ್ಟಿ ಇದೆ. ಅವು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದ ಭಾಗ ವೇತನಕ್ಕೇ ಸೇರುತ್ತದೆ. ಮನೆ ಬಾಡಿಗೆ ಭತ್ಯೆ ಆ ಪಟ್ಟಿಯಲ್ಲಿದೆ, ‘ಸ್ಪೆಷಲ್ ಅಲೋಯನ್ಸ್’ ಎಂಬ ಹೆಸರು ಇಲ್ಲ. ಗ್ರಾಚ್ಯುಟಿಗೆ ಯಾವ ವೇತನ ಹಿಡಿದಿರಿ ಎಂದು ಬರಹದಲ್ಲೇ ಕೇಳಿ. ಗೆಳತಿಯ ಬೇಸಿಕ್ ಅರ್ಧಕ್ಕಿಂತ ಹೆಚ್ಚಿತ್ತು, ಹಾಗಾಗಿ ಅವಳ ಲೆಕ್ಕ ಬದಲಾಗಲಿಲ್ಲ.

ಇನ್ನು ದಿನಾಂಕ. ಜನವರಿ 9ರಿಂದ ಮೂವತ್ತು ದಿನ ಎಂದರೆ ಫೆಬ್ರವರಿ 8. ಕೊನೆಯ ದಿನವೇ ಗ್ರಾಚ್ಯುಟಿಯ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅರ್ಜಿ ಕೊಟ್ಟಿಲ್ಲವೆಂದರೂ ಮೊತ್ತ ನಿಗದಿ ಮಾಡುವ ಹೊಣೆ ಮಾಲೀಕರದ್ದೇ, ಆದರೂ ‘ಫಾರ್ಮ್ ಬಂದಿಲ್ಲ’ ಎಂಬ ನೆಪವನ್ನು ಯಾಕೆ ಕೊಡಬೇಕು? ತಡವಾದರೆ ಸರಳ ಬಡ್ಡಿ ಕೊಡಬೇಕು. 1972ರ ಗ್ರಾಚ್ಯುಟಿ ಕಾಯ್ದೆಯಡಿ ಆ ದರ ವರ್ಷಕ್ಕೆ 10% ಇತ್ತು. ಆ ದರದಲ್ಲಿ ₹1,05,000ಕ್ಕೆ ಒಂದು ತಿಂಗಳ ತಡಕ್ಕೆ ₹863 ಆಗುತ್ತದೆ. ದೊಡ್ಡ ಮೊತ್ತವಲ್ಲ, ಆದರೆ ಮೇಲ್‌ನಲ್ಲಿ ಬಡ್ಡಿಯ ಅಂಕಿ ಬರೆದರೆ ಕಡತ ಬೇಗ ಸರಿಯುವುದನ್ನು ನೋಡಿದ್ದೇನೆ.

ನೋಟಿಸ್ ಬಾಕಿಯನ್ನು ಗ್ರಾಚ್ಯುಟಿಯಲ್ಲಿ ಮುರಿದುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ. ಗ್ರಾಚ್ಯುಟಿ ಮುಟ್ಟುಗೋಲಿಗೆ ಕಾಯ್ದೆ ಹೇಳುವ ಕಾರಣಗಳು ದುರ್ವರ್ತನೆ, ಆಸ್ತಿ ಹಾನಿ ಮುಂತಾದವು, ಅದೂ ಆ ಕಾರಣಕ್ಕೆ ಕೆಲಸದಿಂದ ತೆಗೆದಾಗ. ನೋಟಿಸ್ ಕೊರತೆ ಆ ಪಟ್ಟಿಯಲ್ಲಿಲ್ಲ.

ಹಂತ 7: ಸಹಿ ಮತ್ತು ಮೇಲ್

ಚೀಟಿಯ ಜೊತೆ ‘ನನಗೆ ಬರಬೇಕಾದದ್ದೆಲ್ಲ ಬಂದಿದೆ, ಇನ್ನು ಯಾವುದೇ ಬಾಕಿ ಇಲ್ಲ’ ಎಂಬ ಕಾಗದಕ್ಕೂ ಸಹಿ ಕೇಳುತ್ತಾರೆ. ಗ್ರಾಚ್ಯುಟಿ ಇನ್ನೂ ಬಂದಿಲ್ಲದಿದ್ದರೆ ಸಹಿಯ ಪಕ್ಕದಲ್ಲೇ ‘ಗ್ರಾಚ್ಯುಟಿ ಹೊರತುಪಡಿಸಿ’ ಎಂದು ಕೈಬರಹದಲ್ಲಿ ಸೇರಿಸಿ.

ತಕರಾರಿನ ಮೇಲ್‌ನಲ್ಲಿ ಆರು ವರ್ಷದ ಸೇವೆ, ನಿಷ್ಠೆ, ಬೇಸರ ಯಾವುದೂ ಬೇಡ. ಅದನ್ನು ಓದುವ ಪೇರೋಲ್ ಹುಡುಗನ ಬಳಿ ತಿದ್ದಲು ಇರುವುದು ಸಾಲುಗಳು ಮಾತ್ರ. ಗೆಳತಿ ಕಳಿಸಿದ್ದು ಹೀಗಿತ್ತು:

‘ನೋಟಿಸ್ ಕೊರತೆ 20 ಅಲ್ಲ, 14 ದಿನ. ಜನವರಿ 15ಕ್ಕೆ ಬಿಡುಗಡೆ ಕೇಳಿದ್ದೆ, 9ಕ್ಕೆ ಬಿಡುಗಡೆ ಮಾಡಿದ್ದು ಕಂಪನಿ, ಮೇಲ್ ಲಗತ್ತಿಸಿದೆ. ದರ ಗ್ರಾಸ್ ಅಲ್ಲ, ಬೇಸಿಕ್, ನೇಮಕಾತಿ ಪತ್ರದ ಪುಟ ಲಗತ್ತಿಸಿದೆ. ವಸೂಲಿ ₹12,133 ಆಗಬೇಕು, ಕೊಡಬೇಕಾದ ಮೊತ್ತ ₹21,696. ಗ್ರಾಚ್ಯುಟಿ ಸೇವೆ 6 ವರ್ಷ 7 ತಿಂಗಳು, 7 ವರ್ಷಕ್ಕೆ ₹1,05,000. ಗಡುವು ಫೆಬ್ರವರಿ 8. ದಯವಿಟ್ಟು ತಿದ್ದಿದ ಚೀಟಿ ಕಳಿಸಿ.’

ಉತ್ತರವೇ ಬಾರದಿದ್ದರೆ ಇದೇ ಮೇಲ್, ಇದೇ ಲಗತ್ತುಗಳೊಂದಿಗೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ದೂರು ಕೊಡಬಹುದು. ಗ್ರಾಚ್ಯುಟಿ ವಿವಾದಕ್ಕೆ ಕಾಯ್ದೆಯೇ ಪ್ರತ್ಯೇಕ ಅಧಿಕಾರಿಯನ್ನು ಗೊತ್ತುಮಾಡಿದೆ, ವಕೀಲರಿಲ್ಲದೆಯೂ ಅರ್ಜಿ ಹಾಕಬಹುದು. ಅವಳಿಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬೀಳಲಿಲ್ಲ. ನಾಲ್ಕನೇ ದಿನ ತಿದ್ದಿದ ಚೀಟಿ ಬಂತು, ₹21,696.

ಗ್ರಾಚ್ಯುಟಿ ಮಾತ್ರ ಎರಡು ಕಂತಿನಲ್ಲಿ ಬಂತು. ಹಳೆಯ ಲೆಕ್ಕದಂತೆ ಕ್ಲೇಮ್ ಆಗಲೇ ಹೋಗಿದ್ದರಿಂದ ಮೊದಲು ₹90,000, ಎರಡು ವಾರದ ಮೇಲೆ ₹15,000. ಪಾಸ್‌ಬುಕ್‌ನಲ್ಲಿ ಕಂಪನಿಯ ಹೆಸರು ಇರಲಿಲ್ಲ, ವಿಮಾ ಸಂಸ್ಥೆಯ ಹೆಸರಿತ್ತು. ಅವಳು ಅದನ್ನು ಯಾರೋ ತಪ್ಪಾಗಿ ಹಾಕಿದ ಹಣವೆಂದುಕೊಂಡು ನನಗೆ ಫೋನ್ ಮಾಡಿದ್ದಳು. ಹೊಸ ಕೆಲಸಕ್ಕೆ ಸೇರಿದ ಕೂಡಲೇ ಹಳೆಯ ಸಂಬಳದ ಖಾತೆಯನ್ನು ಮುಚ್ಚಲು ಹೊರಟಿದ್ದಳಂತೆ. ಕ್ಲೇಮ್ ಫಾರ್ಮ್‌ನಲ್ಲಿ ಕೊಟ್ಟಿದ್ದು ಅದೇ ಖಾತೆ ಸಂಖ್ಯೆ. ಮುಚ್ಚಿದ್ದರೆ ಆ ಹಣ ಬಂದ ದಾರಿಯಲ್ಲೇ ವಾಪಸ್ ಹೋಗಿ, ಮತ್ತೆ ಕ್ಯಾನ್ಸಲ್ ಮಾಡಿದ ಚೆಕ್, ಮತ್ತೆ ಫಾರ್ಮ್, ಮತ್ತೆ ಒಂದು ತಿಂಗಳು.